ಸಣ್ಣ ನಗದು ಇಂಪ್ರೆಸ್ಟ್ ಪುಸ್ತಕದ ತಾಳೆ: ವೋಚರ್‌ಗಳು ಮತ್ತು ಕೈಶಿಲ್ಕು ಸೇರಿ ಮೂಲ ಮೊತ್ತಕ್ಕೆ ಸಮನಾಗಬೇಕು

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ನೋಂದಣಿಯಾದ ಸಂಘಗಳು ಪ್ರತಿ ವರ್ಷ ತಮ್ಮ ಲೆಕ್ಕಪತ್ರಗಳನ್ನು ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕಾಗುತ್ತದೆ. ಬ್ಯಾಂಕಿನ ಮೂಲಕ ನಡೆದ ವ್ಯವಹಾರಗಳಿಗೆ ಬ್ಯಾಂಕಿನ ಲೆಕ್ಕವೇ ಆಧಾರವಾಗುತ್ತದೆ. ಆದರೆ ಅಂಚೆ, ಜೆರಾಕ್ಸ್, ಬಸ್ ಪ್ರಯಾಣ, ಸಭೆಯ ಚಹಾ ಮುಂತಾದ ಚಿಲ್ಲರೆ ವೆಚ್ಚಗಳನ್ನು ನಗದಾಗಿ ಪಾವತಿಸಿದಾಗ ಅವುಗಳಿಗೆ ಸಂಘದ ಸಣ್ಣ ನಗದು ಪುಸ್ತಕ ಮತ್ತು ವೋಚರ್‌ಗಳ ಹೊರತು ಬೇರೆ ಆಧಾರವಿರುವುದಿಲ್ಲ. ಸದರಿ ಪುಸ್ತಕವನ್ನು ತಾಳೆ ನೋಡುವ ಕ್ರಮವನ್ನು ಮತ್ತು ವ್ಯತ್ಯಾಸ ಕಂಡುಬಂದಾಗ ಅದರ ಮೂಲವನ್ನು ಪತ್ತೆ ಹಚ್ಚುವ ವಿಧಾನವನ್ನು ಸಂಘಗಳ ಪದಾಧಿಕಾರಿಗಳ ಮತ್ತು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

1. ಇಂಪ್ರೆಸ್ಟ್ ಪದ್ಧತಿ ಎಂದರೇನು?

ಚಿಲ್ಲರೆ ವೆಚ್ಚಗಳಿಗಾಗಿ ಒಂದು ನಿಗದಿತ ಮೊತ್ತವನ್ನು ಒಬ್ಬ ಜವಾಬ್ದಾರಿಯುತ ವ್ಯಕ್ತಿಯ ವಶಕ್ಕೆ ನೀಡಿ, ಖರ್ಚಾದಷ್ಟನ್ನು ಮಾತ್ರ ನಿಯತಕಾಲದಲ್ಲಿ ಮತ್ತೆ ತುಂಬಿಕೊಡುವ ಪದ್ಧತಿಗೆ ಇಂಪ್ರೆಸ್ಟ್ ಪದ್ಧತಿ ಎಂದು ಹೆಸರು. ಸರ್ಕಾರಿ ಕಚೇರಿಗಳಲ್ಲಿ ಇಂತಹ ಮೊತ್ತವನ್ನು ಕಾಯಂ ಮುಂಗಡ ಎಂದು ಕರೆಯುವ ರೂಢಿಯಿದೆ.

ಈ ಪದ್ಧತಿಯಲ್ಲಿ ಮೂಲ ಮೊತ್ತವು ಬದಲಾಗುವುದಿಲ್ಲ. ಸಂಘವು ರೂ. 5,000ಗಳ ಇಂಪ್ರೆಸ್ಟ್ ನಿಗದಿಪಡಿಸಿದ್ದರೆ, ನಗದು ಪೆಟ್ಟಿಗೆಯಲ್ಲಿ ಯಾವುದೇ ದಿನ, ಯಾವುದೇ ಗಳಿಗೆಯಲ್ಲಿ ರೂ. 5,000ಗಳ ಲೆಕ್ಕ ಸಿಗತಕ್ಕದ್ದು. ಅದರಲ್ಲಿ ಒಂದು ಭಾಗ ನಗದಿನ ರೂಪದಲ್ಲಿಯೂ ಉಳಿದದ್ದು ವೋಚರ್‌ಗಳ ರೂಪದಲ್ಲಿಯೂ ಇರುತ್ತದೆ. ಒಂದು ಕಡಿಮೆಯಾದಷ್ಟು ಇನ್ನೊಂದು ಹೆಚ್ಚುತ್ತದೆ. ಆದುದರಿಂದ ತಾಳೆ ನೋಡಲು ತಿಂಗಳ ಕೊನೆಯವರೆಗೆ ಕಾಯಬೇಕಾದ ಅಗತ್ಯವಿಲ್ಲ. ಪೆಟ್ಟಿಗೆಯನ್ನು ತೆರೆದು ಎಣಿಸಿದರೆ ಸಾಕು.

2. ತಾಳೆ ಒಂದಲ್ಲ, ಮೂರು

ಪುಸ್ತಕದಲ್ಲಿರುವ ಶಿಲ್ಕು ಮತ್ತು ಪೆಟ್ಟಿಗೆಯಲ್ಲಿರುವ ಹಣ ಒಂದೇ ಆಗಿದ್ದರೆ ಲೆಕ್ಕ ಸರಿಯಾಯಿತೆಂದು ಅನೇಕರು ತಿಳಿಯುತ್ತಾರೆ. ಇದು ಸಾಲದು. ಪುಸ್ತಕ, ವೋಚರ್ ಕಟ್ಟು ಮತ್ತು ನಗದು ಈ ಮೂರನ್ನೂ ಪರಸ್ಪರ ಹೋಲಿಸತಕ್ಕದ್ದು.

(ಅ) ಪುಸ್ತಕದಲ್ಲಿ ನಮೂದಿಸಿರುವ ವೆಚ್ಚದ ಒಟ್ಟು ಮೊತ್ತವು ವೋಚರ್‌ಗಳ ಒಟ್ಟು ಮೊತ್ತಕ್ಕೆ ಸಮನಾಗಿರಬೇಕು.

(ಆ) ಪುಸ್ತಕದ ಪ್ರಕಾರ ಬರುವ ಶಿಲ್ಕು ಎಣಿಸಿದ ನಗದಿಗೆ ಸಮನಾಗಿರಬೇಕು.

(ಇ) ವೋಚರ್‌ಗಳ ಒಟ್ಟು ಮೊತ್ತ ಮತ್ತು ಎಣಿಸಿದ ನಗದು ಸೇರಿ ಮೂಲ ಮೊತ್ತಕ್ಕೆ ಸಮನಾಗಿರಬೇಕು.

ಮೂರನೆಯ ತಾಳೆಯಲ್ಲಿ ಪುಸ್ತಕದ ಪಾತ್ರವೇ ಇಲ್ಲವೆಂಬುದನ್ನು ಗಮನಿಸುವುದು. ಅದು ಪೆಟ್ಟಿಗೆಯಲ್ಲಿ ಕಣ್ಣಿಗೆ ಕಾಣುವ ವಸ್ತುಗಳನ್ನು ಮಾತ್ರ ಮೂಲ ಮೊತ್ತದೊಂದಿಗೆ ಹೋಲಿಸುತ್ತದೆ. ಆದುದರಿಂದ ಬರವಣಿಗೆಯ ತಪ್ಪುಗಳು ಅದನ್ನು ಕದಲಿಸುವುದಿಲ್ಲ. ಮೊದಲ ಎರಡು ತಾಳೆಗಳು ವ್ಯತ್ಯಾಸವು ಪುಸ್ತಕದಲ್ಲಿದೆಯೋ ಪೆಟ್ಟಿಗೆಯಲ್ಲಿದೆಯೋ ಎಂಬುದನ್ನು ಬೇರ್ಪಡಿಸಿ ತೋರಿಸುತ್ತವೆ.

3. ತಾಳೆ ನೋಡುವ ಕ್ರಮ

ಮೊದಲು ನಗದನ್ನು ಎಣಿಸತಕ್ಕದ್ದು. ಪುಸ್ತಕದ ಶಿಲ್ಕನ್ನು ನೋಡಿಕೊಂಡ ನಂತರ ಎಣಿಸಿದರೆ, ನಿರೀಕ್ಷಿತ ಮೊತ್ತ ಬಂದ ಕೂಡಲೇ ಎಣಿಕೆ ನಿಲ್ಲಿಸುವ ಸಂಭವವಿರುತ್ತದೆ. ನೋಟು ಮತ್ತು ನಾಣ್ಯಗಳನ್ನು ಮುಖಬೆಲೆವಾರು ವಿಂಗಡಿಸಿ, ಪ್ರತಿಯೊಂದರ ಸಂಖ್ಯೆ ಮತ್ತು ಮೊತ್ತವನ್ನು ಒಂದು ಹಾಳೆಯಲ್ಲಿ ಬರೆಯಬೇಕು. ಎಣಿಕೆಯು ಹಣ ವಶದಲ್ಲಿರುವ ವ್ಯಕ್ತಿಯ ಸಮಕ್ಷಮದಲ್ಲಿಯೇ ನಡೆಯಬೇಕು. ಅವರು ಗೈರುಹಾಜರಾದಾಗ ಎಣಿಸಿದ ಹಣಕ್ಕೆ ಮುಂದೆ ಯಾರೂ ಉತ್ತರದಾಯಿಗಳಾಗುವುದಿಲ್ಲ.

ಅನಂತರ ವೋಚರ್‌ಗಳನ್ನು ಕ್ರಮಸಂಖ್ಯೆಯ ಪ್ರಕಾರ ಜೋಡಿಸಿ, ನಡುವೆ ಯಾವುದೇ ಸಂಖ್ಯೆ ಬಿಟ್ಟುಹೋಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಪ್ರತಿ ವೋಚರಿನ ಮೊತ್ತವನ್ನು ಅದಕ್ಕೆ ಲಗತ್ತಿಸಿದ ಬಿಲ್ಲಿನಿಂದಲೇ ಓದಿ ಕೂಡಬೇಕು. ಪುಸ್ತಕದಿಂದ ಓದಿ ಕೂಡಿದರೆ ಪುಸ್ತಕದ ತಪ್ಪು ವೋಚರ್ ಒಟ್ಟಿನಲ್ಲಿಯೂ ಸೇರಿಹೋಗುತ್ತದೆ. ಕೊನೆಯಲ್ಲಿ ಪುಸ್ತಕದ ಅಂಕಣವನ್ನು ಕೂಡಿ ಶಿಲ್ಕು ತೆಗೆಯುವುದು.

4. ಉದಾಹರಣೆ

ಒಂದು ನೋಂದಾಯಿತ ಸಂಘದ ಇಂಪ್ರೆಸ್ಟ್ ಮೊತ್ತ ರೂ. 5,000 ಎಂದಿಟ್ಟುಕೊಳ್ಳಬಹುದು. ಹಣವು ಕಚೇರಿಯ ಗುಮಾಸ್ತರ ವಶದಲ್ಲಿದೆ. ತಿಂಗಳ ಕೊನೆಯ ದಿನ ಖಜಾಂಚಿಯವರು ಗುಮಾಸ್ತರ ಸಮಕ್ಷಮದಲ್ಲಿ ನಗದನ್ನು ಎಣಿಸುತ್ತಾರೆ.

| ಮುಖಬೆಲೆ (ರೂ.) | ಸಂಖ್ಯೆ | ಮೊತ್ತ (ರೂ.) |
|---|---|---|
| 500 | 2 | 1,000 |
| 200 | 1 | 200 |
| 100 | 3 | 300 |
| 50 | 2 | 100 |
| 20 | 3 | 60 |
| 10 | 4 | 40 |
| 5 | 3 | 15 |
| 2 | 2 | 4 |
| 1 | 1 | 1 |
| ಒಟ್ಟು | | 1,720 |

ಆ ತಿಂಗಳ ವೋಚರ್‌ಗಳು 41ರಿಂದ 50ರವರೆಗೆ ಇವೆ. ಬಿಲ್ಲುಗಳನ್ನು ನೋಡಿ ಬರೆದ ಪಟ್ಟಿ ಈ ಕೆಳಕಂಡಂತಿದೆ.

| ವೋಚರ್ ಸಂ. | ವಿವರ | ಮೊತ್ತ (ರೂ.) |
|---|---|---|
| 41 | ಅಂಚೆ ವೆಚ್ಚ | 246 |
| 42 | ಕುಡಿಯುವ ನೀರಿನ ಕ್ಯಾನ್ | 180 |
| 43 | ಜೆರಾಕ್ಸ್ | 324 |
| 44 | ಬಸ್ ಪ್ರಯಾಣ | 140 |
| 45 | ಲೇಖನ ಸಾಮಗ್ರಿ | 560 |
| 46 | ವಿದ್ಯುತ್ ದುರಸ್ತಿ | 450 |
| 47 | ಸಭೆಯ ಚಹಾ, ತಿಂಡಿ | 385 |
| 48 | ಕಚೇರಿ ಸ್ವಚ್ಛತೆಯ ಕೂಲಿ | 300 |
| 49 | ಅಂಚೆ ವೆಚ್ಚ | 275 |
| 50 | ಬಸ್ ಪ್ರಯಾಣ | 220 |
| ಒಟ್ಟು | | 3,080 |

ಪುಸ್ತಕದಲ್ಲಿ ವೆಚ್ಚದ ಒಟ್ಟು ಮೊತ್ತ ರೂ. 3,170 ಎಂದಿದೆ. ಅದರಂತೆ ಶಿಲ್ಕು ರೂ. 1,830 ಇರಬೇಕು. ಈಗ ಮೂರು ತಾಳೆಗಳ ಫಲಿತಾಂಶ ಹೀಗಿದೆ.

(ಅ) ಪುಸ್ತಕದ ವೆಚ್ಚ 3,170, ವೋಚರ್‌ಗಳು 3,080. ಪುಸ್ತಕದಲ್ಲಿ ರೂ. 90 ಹೆಚ್ಚಾಗಿದೆ.

(ಆ) ಪುಸ್ತಕದ ಶಿಲ್ಕು 1,830, ನಗದು 1,720. ನಗದಿನಲ್ಲಿ ರೂ. 110 ಕೊರತೆಯಿದೆ.

(ಇ) ವೋಚರ್‌ಗಳು 3,080, ನಗದು 1,720, ಒಟ್ಟು 4,800. ಮೂಲ ಮೊತ್ತಕ್ಕೆ ರೂ. 200 ಕೊರತೆಯಿದೆ.

ಮೊದಲನೆಯ ಎರಡು ವ್ಯತ್ಯಾಸಗಳಾದ 90 ಮತ್ತು 110 ಸೇರಿ ಮೂರನೆಯದಾದ 200 ಆಗುತ್ತದೆ. ಪುಸ್ತಕವನ್ನು ಮಾತ್ರ ನೋಡುವವರಿಗೆ ಕೊರತೆ ರೂ. 110 ಎಂದು ಕಾಣುತ್ತದೆ. ವಾಸ್ತವದಲ್ಲಿ ವಿವರಣೆ ಬೇಕಾಗಿರುವುದು ರೂ. 200ಕ್ಕೆ. ಪುಸ್ತಕದಲ್ಲಿನ ರೂ. 90ರ ತಪ್ಪು ಪೆಟ್ಟಿಗೆಯ ಕೊರತೆಯ ಒಂದು ಭಾಗವನ್ನು ಮರೆಮಾಚಿದೆ.

5. ವ್ಯತ್ಯಾಸದ ಮೂಲವನ್ನು ಹುಡುಕುವುದು

ಪುಸ್ತಕ ಮತ್ತು ವೋಚರ್‌ಗಳ ನಡುವಿನ ರೂ. 90ರ ವ್ಯತ್ಯಾಸವನ್ನು ಮೊದಲು ಬಗೆಹರಿಸಬೇಕು, ಏಕೆಂದರೆ ಅದು ಕಾಗದದ ಮೇಲೆಯೇ ಸಿಗುವಂತಹದು. ವ್ಯತ್ಯಾಸದ ಮೊತ್ತವು 9ರಿಂದ ನಿಶ್ಶೇಷವಾಗಿ ಭಾಗವಾಗುತ್ತಿದ್ದರೆ, ಯಾವುದೋ ಒಂದು ಮೊತ್ತದ ಅಕ್ಕಪಕ್ಕದ ಅಂಕಿಗಳು ಅದಲುಬದಲಾಗಿರುವ ಸಾಧ್ಯತೆಯನ್ನು ಪರಿಶೀಲಿಸಬೇಕು. 90ನ್ನು 9ರಿಂದ ಭಾಗಿಸಿದರೆ 10 ಬರುತ್ತದೆ. ಅಂದರೆ ನೂರರ ಮತ್ತು ಹತ್ತರ ಸ್ಥಾನದ ಅಂಕಿಗಳು ಅದಲಾಗಿರಬಹುದು ಮತ್ತು ಆ ಎರಡು ಅಂಕಿಗಳ ಅಂತರ 1 ಇರಬೇಕು. ಪಟ್ಟಿಯಲ್ಲಿ ಅಂತಹ ಮೊತ್ತಗಳನ್ನು ಹುಡುಕಿ ಪುಸ್ತಕದೊಂದಿಗೆ ಹೋಲಿಸಿದಾಗ, 45ನೆಯ ವೋಚರಿನ ರೂ. 560ನ್ನು ಪುಸ್ತಕದಲ್ಲಿ ರೂ. 650 ಎಂದು ಬರೆದಿರುವುದು ಕಂಡುಬರುತ್ತದೆ. 9ರಿಂದ ಭಾಗವಾಗುವುದು ಒಂದು ಸೂಚನೆ ಮಾತ್ರ. ಬಿಲ್ಲು ನೋಡದೆ ಅದನ್ನೇ ಕಾರಣವೆಂದು ತೀರ್ಮಾನಿಸಬಾರದು.

ತಪ್ಪಾದ ಅಂಕಿಯನ್ನು ಅಳಿಸುವುದಾಗಲಿ, ಬಿಳಿ ದ್ರವ ಹಚ್ಚಿ ಮುಚ್ಚುವುದಾಗಲಿ ಕೂಡದು. ಓದಲು ಬರುವಂತೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದ ಮೊತ್ತ ಬರೆದು, ದಿನಾಂಕದೊಂದಿಗೆ ಸಹಿ ಮಾಡತಕ್ಕದ್ದು. ಈ ತಿದ್ದುಪಡಿಯ ನಂತರ ಪುಸ್ತಕದ ವೆಚ್ಚ ರೂ. 3,080 ಮತ್ತು ಶಿಲ್ಕು ರೂ. 1,920 ಆಗುತ್ತದೆ. ನಗದಿನ ಕೊರತೆಯು ರೂ. 110ರ ಬದಲಿಗೆ ರೂ. 200 ಆಗುತ್ತದೆ. ತಪ್ಪನ್ನು ಸರಿಪಡಿಸಿದ ಮೇಲೆ ಕೊರತೆ ಹೆಚ್ಚಾದುದನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಈಗ ಪುಸ್ತಕವೂ ಪೆಟ್ಟಿಗೆಯೂ ಒಂದೇ ಮೊತ್ತವನ್ನು ತೋರಿಸುತ್ತಿವೆ, ಹುಡುಕಬೇಕಾದುದು ಪೆಟ್ಟಿಗೆಯಲ್ಲಿದೆ.

ರೂ. 200ರ ಬಿಲ್ಲಿಗಾಗಿ ಹುಡುಕಿದರೆ ಅಂತಹ ಬಿಲ್ಲು ಸಿಗುವುದಿಲ್ಲ. ಕೊರತೆಯು ಯಾವಾಗಲೂ ಒಂದೇ ಕಾರಣದಿಂದ ಆಗಿರಬೇಕೆಂದಿಲ್ಲ. ಒಂದು ಹೆಚ್ಚುವರಿ ಮತ್ತು ಒಂದು ಕೊರತೆ ಒಂದನ್ನೊಂದು ಕಳೆದು ಉಳಿದುದು ಮಾತ್ರ ಕಾಣುತ್ತಿರಬಹುದು. ಆದುದರಿಂದ ಮೊತ್ತವನ್ನು ಹುಡುಕುವ ಬದಲು, ಹಣ ಪೆಟ್ಟಿಗೆಯಿಂದ ಹೊರಗೆ ಹೋಗುವ ಮತ್ತು ಒಳಗೆ ಬರುವ ಎರಡೂ ದಾರಿಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು.

ಹೊರಗೆ ಹೋದ ಹಣ: ಪೆಟ್ಟಿಗೆಯ ತಳದಲ್ಲಿ ರೂ. 300ರ ಒಂದು ಚೀಟಿ ಇದೆ. ಸ್ವಚ್ಛತಾ ಸಾಮಗ್ರಿ ತರಲು ಕಚೇರಿ ಸಹಾಯಕರಿಗೆ ಹಣ ಕೊಟ್ಟು ಬರೆಸಿಕೊಂಡ ಚೀಟಿ ಅದು. ಸಾಮಗ್ರಿ ಬಂದಿದೆ, ಆದರೆ ಬಿಲ್ಲು ಮತ್ತು ಉಳಿದ ಚಿಲ್ಲರೆ ಇನ್ನೂ ಬಂದಿಲ್ಲ. ಇಂತಹ ಚೀಟಿಯು ವೋಚರ್ ಅಲ್ಲ, ಏಕೆಂದರೆ ಎಷ್ಟು ಖರ್ಚಾಯಿತೆಂಬುದು ಅದರಿಂದ ತಿಳಿಯುವುದಿಲ್ಲ. ಅದನ್ನು ಕೈಮುಂಗಡವೆಂದು ಪ್ರತ್ಯೇಕವಾಗಿ ತೋರಿಸಬೇಕು.

ಒಳಗೆ ಬಂದ ಹಣ: ಸದಸ್ಯತ್ವ ಶುಲ್ಕದ ರಶೀದಿ ಪುಸ್ತಕದ ಅರ್ಧಪ್ರತಿಗಳನ್ನು ಮುಖ್ಯ ನಗದು ಪುಸ್ತಕದೊಂದಿಗೆ ಹೋಲಿಸಿದಾಗ, ರೂ. 100ರ ಒಂದು ರಶೀದಿ ಮುಖ್ಯ ನಗದು ಪುಸ್ತಕಕ್ಕೆ ಏರಿಲ್ಲ. ಆ ನೋಟು ಸಣ್ಣ ನಗದಿನ ಪೆಟ್ಟಿಗೆಯಲ್ಲಿಯೇ ಉಳಿದಿದೆ. ಶುಲ್ಕ, ದೇಣಿಗೆ ಮುಂತಾದ ಸ್ವೀಕೃತಿಗಳನ್ನು ಇಂಪ್ರೆಸ್ಟ್ ಪೆಟ್ಟಿಗೆಯಲ್ಲಿ ಇಡಬಾರದು; ಅವುಗಳನ್ನು ಮುಖ್ಯ ನಗದು ಪುಸ್ತಕಕ್ಕೆ ತೆಗೆದುಕೊಂಡು ಬ್ಯಾಂಕಿಗೆ ಜಮಾ ಮಾಡತಕ್ಕದ್ದು.

ಹೊರಗಿರುವ 300ರಲ್ಲಿ, ಸೇರಬಾರದೆ ಸೇರಿದ 100ನ್ನು ಕಳೆದರೆ 200 ಬರುತ್ತದೆ. ಕೊರತೆಗೆ ಪೂರ್ಣ ವಿವರಣೆ ದೊರೆಯಿತು.

ಸಹಾಯಕರು ರೂ. 268ರ ಬಿಲ್ಲನ್ನು ಮತ್ತು ರೂ. 32ನ್ನು ಮರಳಿಸಿದ ನಂತರ ಚೀಟಿಯನ್ನು ರದ್ದುಪಡಿಸಿ, ಬಿಲ್ಲಿಗೆ 51ನೆಯ ವೋಚರ್ ಸಂಖ್ಯೆ ನೀಡಲಾಗುತ್ತದೆ. ಶುಲ್ಕದ ರೂ. 100 ಮುಖ್ಯ ನಗದು ಪುಸ್ತಕಕ್ಕೆ ವರ್ಗವಾಗುತ್ತದೆ. ಅಖೈರು ತಾಳೆ ಹೀಗಿರುತ್ತದೆ.

| ವಿವರ | ಮೊತ್ತ (ರೂ.) |
|---|---|
| ವೋಚರ್ 41ರಿಂದ 51 (3,080 + 268) | 3,348 |
| ನಗದು (1,720 − 100 + 32) | 1,652 |
| ಒಟ್ಟು, ಮೂಲ ಮೊತ್ತ | 5,000 |

6. ಕೊರತೆಯನ್ನು ಸ್ವಂತ ಹಣದಿಂದ ತುಂಬಬಾರದು

ಮೇಲಿನ ಉದಾಹರಣೆಯಲ್ಲಿ ಗುಮಾಸ್ತರು ಪುಸ್ತಕವನ್ನು ಮಾತ್ರ ನೋಡಿ, ಅಪವಾದಕ್ಕೆ ಅಂಜಿ, ಯಾರಿಗೂ ತಿಳಿಸದೆ ತಮ್ಮ ರೂ. 110ನ್ನು ಪೆಟ್ಟಿಗೆಗೆ ಹಾಕಿದ್ದರೆಂದು ಭಾವಿಸಬಹುದು. ಆಗ ನಗದು ರೂ. 1,830 ಆಗಿ ಪುಸ್ತಕದ ಶಿಲ್ಕಿಗೆ ಸರಿಹೊಂದುತ್ತದೆ. ಪುಸ್ತಕದಂತೆ ರೂ. 3,170ನ್ನು ಬ್ಯಾಂಕಿನಿಂದ ತಂದು ತುಂಬಿದರೆ ಪೆಟ್ಟಿಗೆಯಲ್ಲಿ ಸರಿಯಾಗಿ ರೂ. 5,000 ಇರುತ್ತದೆ. ಎಲ್ಲವೂ ಸರಿಯಿದ್ದಂತೆಯೇ ತೋರುತ್ತದೆ.

ಆದರೆ ಸಂಘದ ಬ್ಯಾಂಕ್ ಖಾತೆಯಿಂದ ರೂ. 90 ವೋಚರ್ ಇಲ್ಲದೆ ಹೊರಬಂದಿದೆ. ಸದಸ್ಯರೊಬ್ಬರು ಕೊಟ್ಟ ರೂ. 100ರ ಶುಲ್ಕ ಸಂಘದ ಆದಾಯದಲ್ಲಿ ಕಾಣುವುದಿಲ್ಲ. ಗುಮಾಸ್ತರು ತಮ್ಮದಲ್ಲದ ಕೊರತೆಗೆ ರೂ. 110 ತೆತ್ತಿದ್ದಾರೆ. ಸಹಾಯಕರು ಬಿಲ್ಲು ಮತ್ತು ಚಿಲ್ಲರೆ ತಂದುಕೊಟ್ಟ ದಿನ ಪೆಟ್ಟಿಗೆಯಲ್ಲಿ ರೂ. 300 ಹೆಚ್ಚುವರಿ ಕಂಡುಬರುತ್ತದೆ. 90, 100 ಮತ್ತು 110 ಸೇರಿ ಆದ ಆ ಹೆಚ್ಚುವರಿಗೆ ಆ ವೇಳೆಗೆ ಯಾರ ಬಳಿಯೂ ವಿವರಣೆ ಇರುವುದಿಲ್ಲ. ಅಪವಾದದಿಂದ ಪಾರಾಗಲು ಹಾಕಿದ ಹಣವೇ ಅನುಮಾನಕ್ಕೆ ಕಾರಣವಾಗುತ್ತದೆ.

ಆದಕಾರಣ ವ್ಯತ್ಯಾಸ ಕಂಡ ದಿನವೇ ಅದರ ಮೊತ್ತವನ್ನು ತಾಳೆ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡುವುದು ಹಣ ವಶದಲ್ಲಿರುವವರಿಗೇ ರಕ್ಷಣೆಯಾಗಿದೆ. ಹುಡುಕಿದ ನಂತರವೂ ಕಾರಣ ಸಿಗದಿದ್ದರೆ, ಕೊರತೆಯನ್ನು ಆಡಳಿತ ಮಂಡಳಿಯ ಗಮನಕ್ಕೆ ತಂದು, ಅದರ ತೀರ್ಮಾನದಂತೆ ವಸೂಲಿ ಅಥವಾ ನಷ್ಟವೆಂದು ಲೆಕ್ಕದಲ್ಲಿ ತೋರಿಸಬೇಕು. ಹೆಚ್ಚುವರಿಯಾದ ಹಣವನ್ನೂ ಹಾಗೆಯೇ ಮುಖ್ಯ ನಗದು ಪುಸ್ತಕಕ್ಕೆ ಜಮಾ ಮಾಡಬೇಕು. ಅದನ್ನು ಮುಂದೆ ಬರಬಹುದಾದ ಕೊರತೆಗೆಂದು ಪಕ್ಕಕ್ಕೆ ಇಡಬಾರದು.

7. ಮರುಭರ್ತಿ

ಮರುಭರ್ತಿಯ ಮೊತ್ತವು ವೋಚರ್‌ಗಳ ಒಟ್ಟು ಮೊತ್ತಕ್ಕೆ ಒಂದು ರೂಪಾಯಿಯೂ ಹೆಚ್ಚುಕಡಿಮೆಯಾಗದಂತೆ ಇರತಕ್ಕದ್ದು. ಉದಾಹರಣೆಯ ಸಂಘವು ರೂ. 3,348ಕ್ಕೆ ಚೆಕ್ ಬರೆದರೆ ನಗದು 1,652ರೊಂದಿಗೆ ಸೇರಿ ರೂ. 5,000 ಆಗುತ್ತದೆ. ಅನುಕೂಲಕ್ಕೆಂದು ರೂ. 3,300 ಮಾತ್ರ ತಂದರೆ ನಗದು ರೂ. 4,952 ಆಗಿ, ಮುಂದಿನ ತಾಳೆಯಲ್ಲಿ ರೂ. 48ರ ಕೊರತೆ ಅಕಾರಣವಾಗಿ ಕಾಣುತ್ತದೆ.

ವೋಚರ್‌ಗಳನ್ನು ಖಜಾಂಚಿಯವರಿಗೆ ಸಲ್ಲಿಸಿದ ದಿನಕ್ಕೂ ಹಣ ಕೈಗೆ ಬರುವ ದಿನಕ್ಕೂ ಅಂತರವಿದ್ದಲ್ಲಿ, ಆ ಮೊತ್ತವನ್ನು ತಾಳೆಯಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಬೇಕು. ರೂ. 3,348ರ ವೋಚರ್‌ಗಳನ್ನು ಸಲ್ಲಿಸಿದ ನಂತರ ರೂ. 140 ಖರ್ಚಾಗಿದ್ದರೆ, ಬರಬೇಕಾದ ಮರುಭರ್ತಿ 3,348, ಹೊಸ ವೋಚರ್ 140, ನಗದು 1,512 ಸೇರಿ ರೂ. 5,000 ಆಗಬೇಕು. ಇದಕ್ಕಾಗಿ ವೋಚರ್‌ಗಳನ್ನು ಸಲ್ಲಿಸುವಾಗ ಪಟ್ಟಿಯ ಎರಡನೆಯ ಪ್ರತಿಯ ಮೇಲೆ ಸ್ವೀಕೃತಿ ಪಡೆದು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ಅವಶ್ಯಕ.

8. ತಾಳೆಯಾದರೂ ಕಾಣದ ದೋಷಗಳು

ಮೊತ್ತಗಳು ಸರಿಹೊಂದಿದ ಮಾತ್ರಕ್ಕೆ ವೆಚ್ಚವು ನೈಜವಾದುದೆಂದು ರುಜುವಾತಾಗುವುದಿಲ್ಲ. ಒಮ್ಮೆ ಹಣ ಪಡೆದ ಬಿಲ್ಲನ್ನೇ ಮುಂದಿನ ತಿಂಗಳು ಮತ್ತೆ ಲಗತ್ತಿಸಿ, ಅಷ್ಟು ನಗದನ್ನು ತೆಗೆದುಕೊಂಡರೂ ಒಟ್ಟು ಮೊತ್ತ ರೂ. 5,000 ಆಗಿಯೇ ಉಳಿಯುತ್ತದೆ. ಇದನ್ನು ತಡೆಯಲು ಮರುಭರ್ತಿಯ ಸಮಯದಲ್ಲಿ ಖಜಾಂಚಿಯವರು ಪ್ರತಿ ವೋಚರ್ ಮತ್ತು ಬಿಲ್ಲಿನ ಮೇಲೆ "ಪಾವತಿಸಿ ರದ್ದುಪಡಿಸಲಾಗಿದೆ" ಎಂಬ ಮೊಹರನ್ನು ದಿನಾಂಕದೊಂದಿಗೆ ಹಾಕತಕ್ಕದ್ದು.

ಒಬ್ಬರೇ ವ್ಯಕ್ತಿಯ ವಶದಲ್ಲಿ ಎರಡು ಪೆಟ್ಟಿಗೆಗಳಿದ್ದಲ್ಲಿ, ಉದಾಹರಣೆಗೆ ಇಂಪ್ರೆಸ್ಟ್ ಮತ್ತು ಶುಲ್ಕ ಸ್ವೀಕೃತಿಯ ಪೆಟ್ಟಿಗೆ, ಎರಡನ್ನೂ ಒಂದೇ ವೇಳೆಯಲ್ಲಿ ಎಣಿಸಬೇಕು. ಇಲ್ಲವಾದಲ್ಲಿ ಒಂದರ ಹಣವನ್ನು ಇನ್ನೊಂದಕ್ಕೆ ಸೇರಿಸಿ ಎರಡೂ ಸರಿಯಿರುವಂತೆ ತೋರಿಸಲು ಅವಕಾಶವಾಗುತ್ತದೆ. ತಿಂಗಳ ಕೊನೆಯ ತಾಳೆಯ ಜೊತೆಗೆ, ಮುನ್ಸೂಚನೆಯಿಲ್ಲದೆ ಆಗಾಗ್ಗೆ ತಾಳೆ ನೋಡುವುದು ಸೂಕ್ತ.

9. ತಾಳೆ ಹಾಳೆಯ ನಮೂನೆ

ಸಂಘಗಳು ಈ ಕೆಳಕಂಡ ನಮೂನೆಯನ್ನು ಬಳಸಿಕೊಳ್ಳಬಹುದು. ಹಣದ ಜವಾಬ್ದಾರಿಯನ್ನು ಒಬ್ಬರಿಂದ ಇನ್ನೊಬ್ಬರಿಗೆ ವಹಿಸಿಕೊಡುವ ದಿನವೂ ಇದೇ ನಮೂನೆಯನ್ನು ಭರ್ತಿ ಮಾಡಿ ಇಬ್ಬರ ಸಹಿ ಪಡೆಯತಕ್ಕದ್ದು.

ದಿನಾಂಕ: ............ ವೇಳೆ: ............
1. ಎಣಿಸಿದ ನಗದು (ಮುಖಬೆಲೆವಾರು ಪಟ್ಟಿ ಲಗತ್ತಿಸಿದೆ): ರೂ. ............
2. ವೋಚರ್ ಸಂ. ...... ರಿಂದ ...... ರವರೆಗೆ: ರೂ. ............
3. ಇತ್ಯರ್ಥವಾಗದ ಕೈಮುಂಗಡ ಚೀಟಿಗಳು: ರೂ. ............
4. ಸಲ್ಲಿಸಿ ಬರಬೇಕಾದ ಮರುಭರ್ತಿ: ರೂ. ............
5. ಒಟ್ಟು (1 ರಿಂದ 4): ರೂ. ............
6. ಇಂಪ್ರೆಸ್ಟ್ ಮೂಲ ಮೊತ್ತ: ರೂ. ............
7. ವ್ಯತ್ಯಾಸ, ಇದ್ದಲ್ಲಿ ಕಾರಣ ಸಹಿತ: ರೂ. ............
8. ಪುಸ್ತಕದ ಪ್ರಕಾರ ಶಿಲ್ಕು: ರೂ. ............

ಹಣ ವಶದಲ್ಲಿರುವವರ ಸಹಿ: ............ ಎಣಿಸಿದವರ ಸಹಿ: ............